ಮೋಡ ಮುರಿಯದ ಪನೋರಮಾ

ಹಂಪಿಯ ಮಾತಂಗ ಬೆಟ್ಟ ಹತ್ತಿದವರಿಗೆ ಗೊತ್ತು, ಅಲ್ಲಿಂದ ಯಾವ ಕಡೆ ತಿರುಗಿದರೂ ನೋಟವಿದೆ. ಪಶ್ಚಿಮಕ್ಕೆ ವಿರೂಪಾಕ್ಷನ ಗೋಪುರ, ಉತ್ತರಕ್ಕೆ ಅಚ್ಯುತರಾಯ ದೇವಾಲಯ, ಅದರಾಚೆ ತುಂಗಭದ್ರೆ. ಇದನ್ನೆಲ್ಲ ಒಂದೇ 360 ಡಿಗ್ರಿ ಚಿತ್ರವಾಗಿಸಲು ಟ್ರೈಪಾಡ್ ಮೇಲೆ ಫಿಶ್‌ಐ ಲೆನ್ಸಿನ ಕ್ಯಾಮೆರಾ ಇಟ್ಟು, ತಿರುಗಿಸುತ್ತ ಆರು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸುತ್ತಾರೆ. ಬಂಡೆಗಳು ಚೆನ್ನಾಗಿಯೇ ಕೂಡುತ್ತವೆ. ಜುಲೈ ತಿಂಗಳ ಮೋಡ ಕೂಡುವುದಿಲ್ಲ.

ಯಾಕೆಂದು ಲೆಕ್ಕ ಹಾಕಿ ನೋಡೋಣ. ಮೋಡ ಒಂದು ಕಿಲೋಮೀಟರ್ ಎತ್ತರದಲ್ಲಿದೆ, ಸೆಕೆಂಡಿಗೆ ಹತ್ತು ಮೀಟರ್ ಸಾಗುತ್ತಿದೆ ಎಂದುಕೊಳ್ಳಿ. ನೆತ್ತಿಯ ಮೇಲೆ ಅದು ಸೆಕೆಂಡಿಗೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಸರಿಯುತ್ತದೆ. ಐದೈದು ಸೆಕೆಂಡಿಗೊಂದು ಫೋಟೊ ತೆಗೆದರೂ ಪಕ್ಕಪಕ್ಕದ ಎರಡು ಫೋಟೊಗಳ ನಡುವೆ ಸುಮಾರು ಮೂರು ಡಿಗ್ರಿ ವ್ಯತ್ಯಾಸ. ಸುತ್ತು ಮುಗಿಯುವಾಗ ಆರನೆಯದು ಮೊದಲನೆಯದಕ್ಕೆ ಅಂಟಬೇಕಲ್ಲ, ಅಷ್ಟರಲ್ಲಿ 25 ಸೆಕೆಂಡು ಕಳೆದಿರುತ್ತದೆ, ಮೋಡ 14 ಡಿಗ್ರಿ ಮುಂದೆ ಹೋಗಿರುತ್ತದೆ. ಇಷ್ಟು ದೊಡ್ಡ ಅಂತರವನ್ನು ಯಾವ ಜೋಡಣೆಯ ತಂತ್ರಾಂಶವೂ ಮರೆಮಾಚಲಾರದು. ಅದಕ್ಕಿಂತ ಕೆಟ್ಟದ್ದೆಂದರೆ, ತಂತ್ರಾಂಶ ಮೋಡದ ಮೇಲೆಯೂ ಜೋಡಣೆಯ ಗುರುತು ಹಾಕಿಕೊಂಡರೆ ಬಂಡೆಗಳೂ ಜಾಗ ತಪ್ಪುತ್ತವೆ. Hugin ಬಳಸುವವರು Celeste ಓಡಿಸಿ ಆ ಗುರುತುಗಳನ್ನು ಮೊದಲೇ ತೆಗೆಸಬಹುದು.

ಹಾಗಾದರೆ ಬೇರೆ ಆಕಾಶ ಹಾಕೋಣ ಎಂದು Photoshop ನ Sky Replacement ಒತ್ತುವವರಿದ್ದಾರೆ. ಅದು ಚಿತ್ರವನ್ನು ಗೋಡೆಗೆ ತೂಗುಹಾಕುವ ಸಾಮಾನ್ಯ ಫೋಟೊದಂತೆಯೇ ಕಾಣುತ್ತದೆ. ಎಡ ಅಂಚೂ ಬಲ ಅಂಚೂ ಸೇರಬೇಕೆಂಬುದು ಅದಕ್ಕೆ ತಿಳಿಯದು. ತೆರೆದು ನೋಡಿದರೆ ಹಿಂಬದಿಯಲ್ಲಿ ಮೋಡ ನೆಟ್ಟಗೆ ಕತ್ತರಿಸಿಕೊಂಡಿರುತ್ತದೆ, ನೆತ್ತಿಯಲ್ಲಿ ಒಂದೇ ಬಿಂದುವಿಗೆ ಮುದುಡಿಕೊಂಡಿರುತ್ತದೆ. ಒಂದೊಂದು ಫೋಟೊಗೂ ಜೋಡಣೆಗೆ ಮೊದಲೇ ಬೇರೆ ಬೇರೆ ಆಕಾಶ ಹಾಕುವುದಂತೂ ಒಂದು ಬಿರುಕಿನ ಬದಲು ಆರು ಬಿರುಕು ತಂದುಕೊಂಡಂತೆ.

ಸರಿಯಾದ ದಾರಿ ಇದು: ಆಕಾಶವನ್ನು ಒಂದೇ ಕ್ಲಿಕ್ಕಿನಲ್ಲಿ ಇಡಿಯಾಗಿ ತೆಗೆಯಬೇಕು, ಜೋಡಣೆ ಮುಗಿದ ಮೇಲೆ ಒಂದೇ ಸಲ ಹಾಕಬೇಕು. 180 ಡಿಗ್ರಿ ಕಾಣುವ ವೃತ್ತಾಕಾರದ ಫಿಶ್‌ಐ ಲೆನ್ಸನ್ನು ನೇರ ಮೇಲಕ್ಕೆ ತಿರುಗಿಸಿದರೆ ದಿಗಂತದಿಂದ ದಿಗಂತದವರೆಗಿನ ಆಕಾಶ ಒಂದೇ ಫೋಟೊದಲ್ಲಿ ಸಿಗುತ್ತದೆ. ಒಂದೇ ಕ್ಷಣದ ಚಿತ್ರವಾದ್ದರಿಂದ ಅದರಲ್ಲಿ ಜೋಡಣೆಯ ಗೆರೆಯೇ ಇಲ್ಲ. Hugin ನಲ್ಲಿ ಇದನ್ನು Pitch 90 ಎಂದು ಕೊಟ್ಟು, ಪನೋರಮಾ ಇರುವ ಅಳತೆಯಲ್ಲೇ, 12000 × 6000 ಪಿಕ್ಸೆಲ್ ಎಂದುಕೊಳ್ಳಿ, Equirectangular ಆಗಿ ಹೊರತೆಗೆಯಬೇಕು. ಮೇಲಿನ ಅರ್ಧ ಪೂರ್ತಿ ಆಕಾಶವಾಗಿ ಬರುತ್ತದೆ.

ಇನ್ನು ಸೂರ್ಯನನ್ನು ಹೊಂದಿಸಬೇಕು. ಪನೋರಮಾದಲ್ಲಿ ಸೂರ್ಯ ಎಡ ಅಂಚಿನಿಂದ 8200ನೇ ಪಿಕ್ಸೆಲ್‌ನಲ್ಲಿದ್ದು, ಆಕಾಶದ ಚಿತ್ರದಲ್ಲಿ 5100ರಲ್ಲಿದ್ದರೆ, ಆಕಾಶವನ್ನು 3100 ಪಿಕ್ಸೆಲ್ ಬಲಕ್ಕೆ ಸರಿಸಬೇಕು. Photoshop ನಲ್ಲಿ Filter > Other > Offset ತೆಗೆದು Wrap Around ಆರಿಸಿದರೆ ಬಲಕ್ಕೆ ಹೊರಹೋದದ್ದು ಎಡದಿಂದ ಒಳಬರುತ್ತದೆ. ಈ ಬಗೆಯ ಚಿತ್ರದಲ್ಲಿ ಅಡ್ಡಕ್ಕೆ ಸರಿಸುವುದೆಂದರೆ ಆಕಾಶವನ್ನು ಸುಮ್ಮನೆ ತಿರುಗಿಸಿದಂತೆ, ಮೋಡದ ಆಕಾರ ಕೊಂಚವೂ ಕೆಡುವುದಿಲ್ಲ. ಸೂರ್ಯನ ಎತ್ತರವನ್ನು ಮಾತ್ರ ಹೀಗೆ ಬದಲಿಸಲಾಗದು. ಬೇರೆ ಹೊತ್ತಿನ, ಬೇರೆ ಊರಿನ ಆಕಾಶ ತಂದು ಹಾಕಿದರೆ ಬಂಡೆಗಳ ನೆರಳು ಕೂಡಲೇ ಗುಟ್ಟು ರಟ್ಟು ಮಾಡುತ್ತದೆ.

ಹೊಸ ಆಕಾಶವನ್ನು ಬಂಡೆಯ ಅಂಚಿನವರೆಗೂ ಎಳೆಯಬೇಕಿಲ್ಲ ಎಂಬುದು ನನಗೆ ಈ ಕೆಲಸದಲ್ಲಿ ಅತ್ಯಂತ ಮುಖ್ಯವೆನಿಸುವ ಸಂಗತಿ. ದಿಗಂತದ ಹತ್ತಿರ ಕಾಣುವ ಮೋಡ ನಿಜಕ್ಕೂ ಐದಾರು ಕಿಲೋಮೀಟರ್ ದೂರದ್ದು, ಹಾಗಾಗಿ ಐದು ಸೆಕೆಂಡಿನಲ್ಲಿ ಹೆಚ್ಚೆಂದರೆ ಅರ್ಧ ಡಿಗ್ರಿ ಸರಿದಿರುತ್ತದೆ. ದಿಗಂತದಿಂದ ಹತ್ತು ಡಿಗ್ರಿವರೆಗೆ ಹಳೆಯ ಆಕಾಶವನ್ನೇ ಬಿಟ್ಟು, ಅಲ್ಲಿಂದ ಇಪ್ಪತ್ತು ಡಿಗ್ರಿಯೊಳಗೆ ಮಾಸ್ಕ್‌ನಲ್ಲಿ ನಿಧಾನವಾಗಿ ಹೊಸದಕ್ಕೆ ದಾಟಿಸಿ. ಗೋಪುರದ ಕಳಸ, ಮರದ ಎಲೆಗಳ ಸುತ್ತ ಮಾಸ್ಕ್ ಕೊರೆಯುವ ಕಷ್ಟ ಬಹುಪಾಲು ತಪ್ಪುತ್ತದೆ. ಆರನೆಯದೂ ಮೊದಲನೆಯದೂ ಸೇರುವ ಕಡೆ ಮಾತ್ರ ಹೊಸ ಆಕಾಶವನ್ನು ಇನ್ನಷ್ಟು ಕೆಳಗಿಳಿಸಬೇಕಾದೀತು.

ಮುಗಿದ ಮೇಲೆ ಇಡೀ ಚಿತ್ರವನ್ನು 6000 ಪಿಕ್ಸೆಲ್ ಸರಿಸಿ ನೋಡಿ. ಎರಡು ಅಂಚುಗಳೂ ನಟ್ಟನಡುವೆ ಬಂದು ಸೇರುತ್ತವೆ. ಅಲ್ಲಿ ಸಣ್ಣ ಗೆರೆ ಕಂಡರೆ ಸಾಮಾನ್ಯವಾಗಿ ತಪ್ಪು ಆಕಾಶದ್ದಲ್ಲ, ಅಂಚಿನಲ್ಲಿ ಮಸುಕು ಮಾಡಿದ ಮಾಸ್ಕ್‌ನದ್ದು. ಆ ಜಾಗದ ಮಾಸ್ಕನ್ನು ಈ ಸರಿಸಿದ ಸ್ಥಿತಿಯಲ್ಲೇ ತಿದ್ದಿ, ಮತ್ತೆ 6000 ಸರಿಸಿದರೆ ಚಿತ್ರ ಮೊದಲಿನ ಜಾಗಕ್ಕೆ ಬರುತ್ತದೆ.

ಮುಂದಿನ ಸಲ ಬೆಟ್ಟದ ಮೇಲೆ ಆರು ಫೋಟೊ ಮುಗಿದ ಕೂಡಲೇ ಟ್ರೈಪಾಡ್ ಮಡಚಬೇಡಿ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಯಾವುದನ್ನೂ ಮುಟ್ಟದೆ, ಕ್ಯಾಮೆರಾವನ್ನು ಆಕಾಶಕ್ಕೆ ತಿರುಗಿಸಿ ಇನ್ನೊಂದು ಕ್ಲಿಕ್ ಮಾಡಿಕೊಂಡು ಬನ್ನಿ.