ಫ್ಲೂಟ್ ಕೇಳಿಸಲಿಲ್ಲವೇಕೆ?

ವಿದ್ಯಾರ್ಥಿಯೊಬ್ಬ ಪಿಯಾನೊ ಮುಂದೆ ಕೂತು ಡಿ ಮೈನರ್‌ನಲ್ಲಿ ಎಂಟು ಬಾರ್‌ಗಳ ಒಂದು ಮಟ್ಟು ಕಟ್ಟಿದ್ದಾನೆ ಎಂದುಕೊಳ್ಳಿ. ಪಿಯಾನೊದ ನಡುವಿನ ಸಿ ಪಕ್ಕದ ಸಿ ಶಾರ್ಪ್‌ನಿಂದ ಹೊರಟು ಮೇಲಿನ ಎವರೆಗೆ ಹೋಗಿ ಬರುವ ಪುಟ್ಟ, ವಿಷಾದದ ಮಟ್ಟು. ಅದನ್ನು ಸಣ್ಣ ಆರ್ಕೆಸ್ಟ್ರಾಕ್ಕೆ ಬರೆಯಬೇಕು. ಕೈಪಿಡಿ ತೆರೆದರೆ ಫ್ಲೂಟಿನ ಅತಿ ಕೆಳಗಿನ ಸ್ವರ ನಡು ಸಿ ಎಂದಿದೆ. ಸರಿ, ನುಡಿಸಬಹುದಲ್ಲ ಎಂದು ಮಟ್ಟನ್ನು ಫ್ಲೂಟಿಗೆ ಕೊಟ್ಟ. ಅದೇ ಸ್ಥಾಯಿಯಲ್ಲಿ ವಯೊಲಿನ್, ವಯೋಲಾಗಳಿಗೆ ದೀರ್ಘ ಸ್ವರಗಳನ್ನು ಬರೆದ, ಎರಡು ಹಾರ್ನ್‌ಗಳನ್ನೂ ಸೇರಿಸಿದ, ಎಲ್ಲರಿಗೂ ‘ಜೋರು’ ಎಂದು ಗುರುತು ಹಾಕಿದ. ಕಂಪ್ಯೂಟರ್ ಚೆನ್ನಾಗಿಯೇ ನುಡಿಸಿ ತೋರಿಸಿತು. ತಾಲೀಮಿನಲ್ಲಿ ಮಾತ್ರ ಫ್ಲೂಟ್ ವಾದಕಿಯ ಬೆರಳು ಆಡುವುದು ಕಂಡಿತು, ಸ್ವರ ಕೇಳಲಿಲ್ಲ.

ಕೈಪಿಡಿ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ವಾದ್ಯದ ಗಡಿಯನ್ನು, ಬಲವನ್ನಲ್ಲ. ಫ್ಲೂಟಿನ ಕೆಳಸ್ಥಾಯಿಯಲ್ಲಿ ಉಸಿರೇ ಹೆಚ್ಚು, ನಾದ ಕಡಿಮೆ. ಏಕಾಂತದಲ್ಲಿ ಅದು ಬಹಳ ಸೊಗಸು. ಗುಂಪಿನಲ್ಲಿ ಎಷ್ಟು ಊದಿದರೂ ಮೇಲೇಳುವುದಿಲ್ಲ. ಒಂದು ಸ್ಥಾಯಿ ಮೇಲಕ್ಕೆ ಬರೆದರೆ ಕೇಳುತ್ತದೆ, ಆದರೆ ಮಟ್ಟಿನ ವಿಷಾದ ಹೋಗಿ ಬೆಳಕು ಬಂದುಬಿಡುತ್ತದೆ. ಕಂಪ್ಯೂಟರನ್ನು ಇಲ್ಲಿ ನಂಬಬಾರದು: ಅದರೊಳಗಿನ ಫ್ಲೂಟಿನ ಸ್ವರವನ್ನು ಒಂಟಿಯಾಗಿ, ಮೈಕಿನ ಬಳಿ ಧ್ವನಿಮುದ್ರಿಸಿರುತ್ತಾರೆ.

ಕತ್ತಲೆಯೇ ಬೇಕಿದ್ದರೆ ಕ್ಲಾರಿನೆಟ್ ಇದೆ. ಮಟ್ಟನ್ನು ಒಂದು ಸ್ಥಾಯಿ ಕೆಳಗಿಳಿಸಿದರೆ ಅದು ಕ್ಲಾರಿನೆಟ್ಟಿನ ಅತ್ಯಂತ ತುಂಬಿದ ಜಾಗಕ್ಕೆ ಬರುತ್ತದೆ. ಆದರೆ ಇಲ್ಲಿ ಬರೆದ ಸ್ವರ ಬೇರೆ, ಕೇಳುವ ಸ್ವರ ಬೇರೆ.

ನಮ್ಮ ಕೊಳಲು ವಾದಕರಿಗೆ ಇದನ್ನು ವಿವರಿಸಬೇಕಿಲ್ಲ. ಅವರ ಚೀಲದಲ್ಲಿ ಬೇರೆ ಬೇರೆ ಶ್ರುತಿಯ ಕೊಳಲುಗಳಿರುತ್ತವೆ. ಯಾವುದನ್ನು ಎತ್ತಿಕೊಂಡರೂ ಷಡ್ಜಕ್ಕೆ ಬೆರಳು ಅದೇ, ಕೇಳುವ ಶ್ರುತಿ ಮಾತ್ರ ಬೇರೆ. ಕ್ಲಾರಿನೆಟ್ಟಿನಲ್ಲೂ ಬಿ ಫ್ಲಾಟ್ ಮತ್ತು ಎ ಎಂಬ ಎರಡು ಅಳತೆಗಳುಂಟು. ವಾದಕ ಬೆರಳು ಬದಲಿಸದಿರಲೆಂದು ಲೆಕ್ಕದ ಹೊರೆಯನ್ನು ಬರೆಯುವವನ ತಲೆಗೆ ಹೊರಿಸಿದ್ದಾರೆ. ಸೂತ್ರ ಒಂದೇ: ಸಿ ಎಂದು ಬರೆದರೆ ವಾದ್ಯದ ಹೆಸರಿನಲ್ಲಿರುವ ಸ್ವರ ಕೇಳುತ್ತದೆ. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಆಲ್ಟೊ ಸ್ಯಾಕ್ಸೋಫೋನ್ ಇ ಫ್ಲಾಟ್ ವಾದ್ಯ; ಸಿ ಬರೆದರೆ ಇ ಫ್ಲಾಟ್.

ಹಾಗಾಗಿ ಬಿ ಫ್ಲಾಟ್ ಕ್ಲಾರಿನೆಟ್ಟಿಗೆ ಎಲ್ಲವನ್ನೂ ಒಂದು ಪೂರ್ಣ ಸ್ವರ ಮೇಲೆ ಬರೆಯಬೇಕು. ಡಿ ಮೈನರ್ ಮಟ್ಟು ಹಾಳೆಯಲ್ಲಿ ಇ ಮೈನರ್ ಆಗುತ್ತದೆ. ಎಫ್ ಹಾರ್ನ್‌ಗೆ ಐದು ಸ್ವರಗಳ ಅಂತರ: ಡಿ ಕೇಳಬೇಕಾದರೆ ಮೇಲಿನ ಎ ಬರೆಯಬೇಕು. ದಿಕ್ಕು ತಪ್ಪಿಸಿ ಕೆಳಕ್ಕೆ ಬರೆಯುವವರೇ ಹೆಚ್ಚು. ಆಗ ಡಿ ಬದಲು ಸಿ ಕೇಳುತ್ತದೆ, ಅದೂ ಬೇರೆ ಸ್ಥಾಯಿಯಲ್ಲಿ, ಡಿ ಮೈನರ್ ಸ್ವರಮೇಳದ ನಡುವೆ ಅಪಸ್ವರವಾಗಿ.

ಇಷ್ಟಾದರೂ ನಮ್ಮ ವಿದ್ಯಾರ್ಥಿಗೆ ಒಂದು ತೊಡಕು ಉಳಿದಿದೆ. ಬಿ ಫ್ಲಾಟ್ ಕ್ಲಾರಿನೆಟ್ಟಿನಲ್ಲಿ ಬರೆಯಬಹುದಾದ ಕೊನೆಯ ಸ್ವರ ಇ, ಕೇಳುವುದು ಡಿ. ಮಟ್ಟಿಗೆ ಅದರ ಕೆಳಗಿನ ಸಿ ಶಾರ್ಪ್ ಬೇಕು. ಅರ್ಧ ಸ್ವರಕ್ಕೆ ಕೈ ತಪ್ಪಿತು! ಎ ಕ್ಲಾರಿನೆಟ್ ಅರ್ಧ ಸ್ವರ ಕೆಳಗಿನದು, ಅದರ ಕೊನೆಯ ಸ್ವರ ಸರಿಯಾಗಿ ಆ ಸಿ ಶಾರ್ಪ್. ಆಗ ಹಾಳೆಯಲ್ಲಿ ಎಫ್ ಮೈನರ್ ಬರೆಯಬೇಕು.

ಇನ್ನು ತೂಕ. ರಷ್ಯಾದ ರಿಮ್‌ಸ್ಕಿ-ಕೊರ್ಸಕೋವ್ ಬರೆದಿಟ್ಟು, ಅವರು ತೀರಿಕೊಂಡ ಮೇಲೆ 1913ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಒಂದು ಅಂದಾಜು ಲೆಕ್ಕವಿದೆ. ಜೋರಾಗಿ ನುಡಿಸುವಾಗ ಒಂದು ಟ್ರಂಪೆಟ್‌ಗೆ ಎರಡು ಹಾರ್ನ್ ಸಮ, ಒಂದು ಹಾರ್ನ್‌ಗೆ ಎರಡು ಕ್ಲಾರಿನೆಟ್ ಅಥವಾ ಎರಡು ಫ್ಲೂಟ್ ಸಮ. ಮೆಲ್ಲಗೆ ನುಡಿಸುವಾಗ ಇವೆಲ್ಲ ಹೆಚ್ಚುಕಡಿಮೆ ಒಂದೇ. ಅಂದರೆ ವಿದ್ಯಾರ್ಥಿಯ ಎರಡು ಹಾರ್ನ್‌ಗಳು ನಾಲ್ಕು ಕ್ಲಾರಿನೆಟ್‌ಗಳಷ್ಟು ತೂಗುತ್ತಿವೆ; ಮಟ್ಟು ನುಡಿಸುವುದು ಒಂದೇ ಒಂದು. ಎಲ್ಲರಿಗೂ ಒಂದೇ ಗುರುತು ಹಾಕುವುದು ನನ್ನ ಪ್ರಕಾರ ಸೋಮಾರಿತನ. ಹಾರ್ನ್‌ಗಳಿಗೆ ‘ಮೆಲ್ಲಗೆ’ ಎಂದು ಬರೆದು, ಅವುಗಳ ಸ್ವರಗಳನ್ನು ನಡು ಸಿ ಮೇಲಕ್ಕೆ ಒಯ್ಯಲಿ. ವಯೋಲಾ ಕೂಡ ಮಟ್ಟಿನ ಸ್ಥಾಯಿ ಬಿಟ್ಟು ಮೇಲೇರಲಿ. ಚೆಲ್ಲೊ, ಡಬಲ್ ಬೇಸ್‌ಗಳು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟಿದರೆ ಸ್ವರ ಹುಟ್ಟಿದೊಡನೆ ಅಳಿಯುತ್ತದೆ. ಆ ಸಂದಿಯಲ್ಲಿ ಕ್ಲಾರಿನೆಟ್ ಕೇಳುತ್ತದೆ.

ಶಾಲೆಯ ತಂಡಗಳಲ್ಲಿ ಹಲವರ ಬಳಿ ಬಿ ಫ್ಲಾಟ್ ಕ್ಲಾರಿನೆಟ್ ಮಾತ್ರ ಇರುತ್ತದೆ. ಆಗ ಇಡೀ ರಚನೆಯನ್ನೇ ಒಂದು ಸ್ವರ ಏರಿಸಿ ಇ ಮೈನರ್‌ಗೆ ಒಯ್ದರೆ ಕೆಳಗಿನ ಸ್ವರ ಡಿ ಶಾರ್ಪ್ ಆಗಿ ಗಡಿಯೊಳಗೆ ಬಂದು ಕೂರುತ್ತದೆ. ತಂತಿವಾದ್ಯಗಳಿಗೂ ಅದು ಕಷ್ಟದ ಶ್ರುತಿಯಲ್ಲ. ಎ ಕ್ಲಾರಿನೆಟ್ ಇದ್ದರೆ, ಅದನ್ನು ಎತ್ತಿಕೊಳ್ಳುವ ಮುನ್ನ ವಾದಕನಿಗೆ ಕೆಲವು ಬಾರ್‌ಗಳ ಬಿಡುವು ಕೊಡಬೇಕು. ತಣ್ಣಗಿದ್ದ ವಾದ್ಯದ ಶ್ರುತಿ ತುಸು ಇಳಿದಿರುತ್ತದೆ. ಊದದೆಯೇ ಒಳಗೆ ಬಿಸಿಯುಸಿರು ಬಿಟ್ಟು ಕಾಯಿಸಿಕೊಳ್ಳಲು ಅಷ್ಟಾದರೂ ಹೊತ್ತು ಬೇಕು.