ಕರ್ಟನ್ ರಾಡ್ ಹಿಡಿದಿರುವುದು ಇಟ್ಟಿಗೆ, ಗಾರೆಯಲ್ಲ!

ಕಿಟಕಿಯ ಪರದೆ ಹಗುರ. ಆದರೆ ಅದರ ಹಿಂದೆ ಅಡಗಿಕೊಳ್ಳುವ ಮಗು ಹಗುರವಲ್ಲ. ಮಕ್ಕಳು ಪರದೆ ಹಿಡಿದು ಜೋತಾಡಿದರೆ ಮೇಲಿನ ಕಬ್ಬಿಣದ ರಾಡ್ ನೇರ ತಲೆಯ ಮೇಲೆಯೇ ಬೀಳುತ್ತದೆ. ಬಿದ್ದಾಗ ನಾವು ಸ್ಕ್ರೂ ಸಣ್ಣದಾಯಿತು ಎನ್ನುತ್ತೇವೆ. ಸಾಮಾನ್ಯವಾಗಿ ನಿಜವಾದ ಕಾರಣ ಬೇರೆ. ಪ್ಲಾಸ್ಟಿಕ್ ಪ್ಲಗ್ಗು ಗೋಡೆಯ ಚರ್ಮದಲ್ಲಿ ಮಾತ್ರ ಕೂತಿರುತ್ತದೆ, ಮೂಳೆಯನ್ನು ಮುಟ್ಟಿರುವುದಿಲ್ಲ. ಗಾರೆ ಮತ್ತು ಟೈಲ್ಸ್ ಗೋಡೆಯ ಚರ್ಮ. ಇಟ್ಟಿಗೆಯೇ ಮೂಳೆ.

ಪ್ಲಗ್ಗು ಮಾಡುವ ಕೆಲಸ ಸರಳ. ಸ್ಕ್ರೂ ಒಳಗೆ ಹೋದಂತೆ ಅದು ಉಬ್ಬಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. 1911ರ ಸುಮಾರಿಗೆ ಇಂಗ್ಲೆಂಡಿನ ಜಾನ್ ರಾಲಿಂಗ್ಸ್ ಸೆಣಬಿನ ನಾರಿನಿಂದ ಇಂಥದ್ದನ್ನು ಮಾಡಿದರು. ಅಂಗಡಿಯಲ್ಲಿ ನಾವು ಕೇಳುವ ‘ರಾಲ್ ಪ್ಲಗ್’ ಅವರದೇ ಹೆಸರು. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ನೈಲಾನ್ ಪ್ಲಗ್ಗು ತಂದರು. ಉಬ್ಬುವ ವಸ್ತುವಿಗೆ ಸುತ್ತ ಗಟ್ಟಿ ಜಾಗ ಬೇಕು. ಪುಡಿಯಾಗುವ ಗಾರೆಯಲ್ಲಿ ಉಬ್ಬಿದರೆ ಗಾರೆ ಒಡೆಯುತ್ತದೆ, ಟೈಲ್ಸಿನಲ್ಲಿ ಉಬ್ಬಿದರೆ ಟೈಲ್ಸ್ ಸೀಳುತ್ತದೆ.

ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿರುವ ನಮ್ಮ ಹಳೆಯ ಮನೆಯ ಗೋಡೆಗೆ ಸುಣ್ಣದ ಗಾರೆ. ಅಲ್ಲಿ ರಾಡ್ ಹಾಕುವಾಗ ತೂತಿನ ಗುರುತಿನ ಕೆಳಗೆ ಹಳೆಯ ಅಂಚೆ ಲಕೋಟೆಯೊಂದನ್ನು ಬಾಯಿ ತೆರೆದು ಅಂಟಿಸಿದೆ. ಡ್ರಿಲ್ ನಿಲ್ಲಿಸಿದಾಗಲೆಲ್ಲ ಪುಡಿಯ ಬಣ್ಣ ಹೇಳುವ ಕೆಲಸ ಮೊಮ್ಮಗಳದು. ಮೊದಲು ಬಿಳಿ ಪುಡಿ ಬಂತು, ಅದು ಗಾರೆ. 25 ಮಿ.ಮೀ. ಒಳಗೆ ಹೋದ ಮೇಲೆ “ತಾತ, ಕೆಂಪು!” ಎಂದಳು. ಅಲ್ಲಿಂದ ಇಟ್ಟಿಗೆ.

ಈಗ ಲೆಕ್ಕ ಬರೆಯೋಣ. ನನ್ನ ಪ್ಲಗ್ಗಿನ ಉದ್ದ 40 ಮಿ.ಮೀ. ಅದನ್ನು ಗೋಡೆಯ ಮಟ್ಟಕ್ಕೆ ನಿಲ್ಲಿಸಿದ್ದರೆ ಇಟ್ಟಿಗೆಗೆ ಸಿಗುತ್ತಿದ್ದುದು ಬರೀ 15 ಮಿ.ಮೀ. ಆದ್ದರಿಂದ 8 ಮಿ.ಮೀ.ನ ಗೋಡೆ ಬಿಟ್ಟಿನಿಂದ 75 ಮಿ.ಮೀ. ಆಳ ಕೊರೆದೆ. 25 ಗಾರೆಗೆ, 40 ಪ್ಲಗ್ಗಿಗೆ, ಉಳಿದ 10 ತಳದಲ್ಲಿ ನಿಲ್ಲುವ ಪುಡಿಗೆ ಮತ್ತು ಸ್ಕ್ರೂವಿನ ತುದಿಗೆ. ಬಿಟ್ಟಿನ ಮೇಲೆ ಅಷ್ಟು ಆಳಕ್ಕೆ ಟೇಪ್ ಸುತ್ತಿಕೊಂಡರೆ ಅಳತೆ ತಪ್ಪುವುದಿಲ್ಲ. ಪುಡಿಯನ್ನು ಊದಿ ತೆಗೆದು, ಪ್ಲಗ್ಗಿಗೆ ಸ್ಕ್ರೂವನ್ನು ಎರಡು ಸುತ್ತು ಹಾಕಿ, ಮೆಲ್ಲಗೆ ಬಡಿದು ಪ್ಲಗ್ಗನ್ನು ಗಾರೆ ದಾಟಿಸಿದೆ. ಬಳಿಕ ಸ್ಕ್ರೂ ಬಿಚ್ಚಿ, ಕ್ಲಾಂಪ್ ಇಟ್ಟು, ಮೂರು ಇಂಚಿನ 10ನೇ ನಂಬರ್ ಸ್ಕ್ರೂ ಬಿಗಿದೆ.

ಹಳೆಯ ಗೋಡೆಯಲ್ಲಿ ಒಂದು ಎಚ್ಚರ ಬೇಕು. ಬಿಟ್ಟು ತಟ್ಟನೆ ಸಲೀಸಾಗಿ ನುಗ್ಗಿ ಮಣ್ಣುಬಣ್ಣದ ಪುಡಿ ಬಂದರೆ ಅದು ಇಟ್ಟಿಗೆಗಳ ನಡುವಿನ ಸಂದು. ಅಲ್ಲಿ ಎಷ್ಟು ದಪ್ಪ ಪ್ಲಗ್ಗು ಹಾಕಿದರೂ ನಿಲ್ಲದು. ಎರಡು ಇಂಚು ಸರಿದು ಬೇರೆ ತೂತು ಕೊರೆಯಬೇಕು. ಅಲ್ಲೂ ಸಿಗದಿದ್ದರೆ ಉದ್ದನೆಯ ಮರದ ಪಟ್ಟಿಯನ್ನು ಗಟ್ಟಿ ಇಟ್ಟಿಗೆ ಸಿಕ್ಕ ನಾಲ್ಕು ಕಡೆ ಬಿಗಿದು, ಕ್ಲಾಂಪನ್ನು ಆ ಪಟ್ಟಿಗೆ ಹಾಕಬೇಕು. ಇಂಥ ಗೋಡೆಗೆ ಡ್ರಿಲ್ಲಿನ ಹ್ಯಾಮರ್ ಗುಂಡಿ ಒತ್ತದಿರುವುದೇ ಮೇಲು. ಅದರ ಬಡಿತಕ್ಕೆ ಸುತ್ತಲಿನ ಗಾರೆ ಚಕ್ಕೆಯೇಳುತ್ತದೆ.

ಬಂಗಾರಪೇಟೆಯಲ್ಲಿ ಮಗಳ ಹೊಸ ಮನೆ. ಅಲ್ಲಿ ಕೈ ತೊಳೆಯುವ ಜಾಗದ ಕಿಟಕಿಯ ಸುತ್ತ ಟೈಲ್ಸ್ ಇದೆ. ಮೊದಲು ಬೆರಳಿನಿಂದ ತಟ್ಟಿ ನೋಡಿದೆ. ಟೊಳ್ಳು ಸದ್ದು ಬಂದ ಕಡೆ ಹಿಂದೆ ಸಿಮೆಂಟ್ ತುಂಬಿರುವುದಿಲ್ಲ, ಅಲ್ಲಿ ಕೊರೆದರೆ ಟೈಲ್ಸ್ ಒಡೆಯುವ ಭಯ. ಗಟ್ಟಿ ಸದ್ದಿನ ಜಾಗ ಆರಿಸಿ, ಟೈಲ್ಸಿನ ಅಂಚಿನಿಂದ ದೂರವಿದ್ದು, ಬಿಟ್ಟು ಜಾರದಂತೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಈಟಿಯ ಮೊನೆಯಂಥ ಟೈಲ್ಸ್ ಬಿಟ್ಟು ಹಾಕಿ, ಹ್ಯಾಮರ್ ಆರಿಸಿ, ನಿಧಾನ ವೇಗದಲ್ಲಿ ಟೈಲ್ಸನ್ನು ಮಾತ್ರ ದಾಟಿದೆ. ಗೋಡೆಗೆ ವಿಟ್ರಿಫೈಡ್ ಟೈಲ್ಸ್ ಹಾಕಿದ್ದರೆ ಈ ಬಿಟ್ಟು ಬಿಸಿಯಾಗಿ ಮೊಂಡಾಗುತ್ತದೆ. ಅದಕ್ಕೆ ವಜ್ರದ ಪುಡಿ ಲೇಪಿಸಿದ ಟೊಳ್ಳು ಬಿಟ್ಟು ತಂದು, ನೀರಿನಲ್ಲಿ ಅದ್ದಿದ ಸ್ಪಂಜಿನಿಂದ ತಂಪು ಮಾಡುತ್ತಾ ಕೊರೆಯಬೇಕು.

ಟೈಲ್ಸ್ ದಾಟಿದ ಮೇಲೆ ಗೋಡೆ ಬಿಟ್ಟಿಗೆ ಬದಲಾಯಿಸಿದೆ. ಟೈಲ್ಸ್ 8, ಅದರ ಹಿಂದಿನ ಸಿಮೆಂಟ್ 20, ಒಟ್ಟು 28 ಮಿ.ಮೀ. ಪ್ಲಗ್ಗನ್ನು ಅಷ್ಟೂ ದಾಟಿಸಿ ಇಟ್ಟಿಗೆಯೊಳಗೆ ಕೂರಿಸಲು ತೂತು 80 ಮಿ.ಮೀ. ಆಯಿತು. ಸ್ಕ್ರೂ ಅದೇ ಮೂರು ಇಂಚಿನದು. ಕ್ಲಾಂಪ್ ಗೋಡೆಗೆ ತಾಗಿದ ಮೇಲೆ ಕೈಯಿಂದ ಕಾಲು ಸುತ್ತು ಸಾಕು. ಅದಕ್ಕಿಂತ ಬಿಗಿದರೆ ಟೈಲ್ಸಿನಲ್ಲಿ ಕೂದಲೆಳೆಯ ಬಿರುಕು ಕಾಣಿಸುತ್ತದೆ.

ಕೊರೆಯುವ ಮೊದಲು ಸ್ವಿಚ್ ಬೋರ್ಡು ಮತ್ತು ನಲ್ಲಿ ಎಲ್ಲಿವೆ ನೋಡಿಕೊಳ್ಳಿ. ಗೋಡೆಯೊಳಗಿನ ವೈರು, ಪೈಪು ಸಾಮಾನ್ಯವಾಗಿ ಅವುಗಳ ನೇರಕ್ಕೆ ಮೇಲೆ ಕೆಳಗೆ ಓಡಿರುತ್ತವೆ. ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳು ಡ್ರಿಲ್ ತಿರುಗುವಾಗ ದೂರ ನಿಂತು, ನಿಂತ ಮೇಲೆ ಬಂದು ಲಕೋಟೆ ನೋಡಲಿ.

ಪರದೆ ಏರಿಸುವ ಮೊದಲು ಖಾಲಿ ಕ್ಲಾಂಪನ್ನು ಹಿಡಿದು ಕೆಳಕ್ಕೂ ಮುಂದಕ್ಕೂ ಜಗ್ಗಿ. ಸ್ಕ್ರೂವಿನ ತಲೆ ಅಲುಗಿದರೆ, ಇಲ್ಲವೇ ಸುತ್ತ ಹೊಸ ಬಿಳಿ ಪುಡಿ ಉದುರಿದರೆ, ಪ್ಲಗ್ಗು ಇನ್ನೂ ಗಾರೆಯಲ್ಲೇ ಇದೆ ಎಂದು ತಿಳಿಯಿರಿ. ಆ ಕ್ಲಾಂಪ್ ಬಿಚ್ಚಿ, ಕೆಂಪು ಪುಡಿ ಬರುವವರೆಗೆ ಕೊರೆಯಿರಿ.