ಸಿಡಿಲಿನಂತೆ ಎರಗುವ ತಲೆನೋವು

ಬೆಳಿಗ್ಗೆ 6.30. ಒಲೆಯ ಮುಂದೆ ನಿಂತಿದ್ದ ಅಮ್ಮ ಇದ್ದಕ್ಕಿದ್ದಂತೆ ತಲೆ ಹಿಡಿದುಕೊಂಡು ಕುಸಿದು ಕೂರುತ್ತಾರೆ. ‘ಯಾರೋ ಹಿಂದಿನಿಂದ ಹೊಡೆದ ಹಾಗಾಯ್ತು’ ಎನ್ನುತ್ತಾರೆ, ವಾಂತಿಯಾಗುತ್ತದೆ. ಒಂದು ನಿಮಿಷದೊಳಗೆ ತುತ್ತತುದಿಗೇರುವ ಇಂಥ ನೋವನ್ನು ಮೈಗ್ರೇನ್ ಎಂದುಕೊಂಡು ಕಾಯಬಾರದು. ಮಿದುಳಿನ ರಕ್ತನಾಳದ ಉಬ್ಬು ಒಡೆದು, ಮಿದುಳಿನ ಸುತ್ತ ರಕ್ತ ಹರಡುತ್ತಿರಬಹುದು.

ಮೊದಲು 108ಕ್ಕೆ ಕರೆ ಮಾಡಿ. ನೋವು ಶುರುವಾದ ಹೊತ್ತನ್ನು ಚೀಟಿಯಲ್ಲಿ ಬರೆದಿಡಿ. ಮೊದಲ ಆರು ಗಂಟೆಯೊಳಗೆ ಮಾಡಿದ ಸಿ.ಟಿ. ಸ್ಕ್ಯಾನ್‌ನಲ್ಲಿ ಈ ರಕ್ತಸ್ರಾವ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ, ಹಾಗಾಗಿ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು.

ಅಮ್ಮನನ್ನು ನಡೆಸಬೇಡಿ. ಅಲ್ಲೇ ಮಲಗಿಸಿ, ತಲೆ ತುಸು ಎತ್ತರದಲ್ಲಿರಲಿ, ದೀಪ ಆರಿಸಿ, ಟಿ.ವಿ. ನಿಲ್ಲಿಸಿ. ವಾಂತಿಯಾಗುತ್ತಿದ್ದರೆ ಅಥವಾ ಮಂಪರು ಕವಿದರೆ ಒಂದು ಮಗ್ಗುಲಿಗೆ ಹೊರಳಿಸಿ, ವಾಂತಿ ಶ್ವಾಸನಾಳಕ್ಕೆ ಇಳಿಯಬಾರದು. ಯಾರಾದರೊಬ್ಬರು ಪಕ್ಕದಲ್ಲೇ ಇರಬೇಕು. ಮಾತು ತೊದಲಿದರೆ, ಕೈ ಸೋತರೆ, ಫಿಟ್ಸ್ ಬಂದರೆ ಮತ್ತೆ 108ಕ್ಕೆ ತಿಳಿಸಿ. ಉಸಿರು ನಿಂತರೆ ಎದೆ ಒತ್ತಲು ಶುರು ಮಾಡಿ, ಹೇಗೆಂದು ಅವರನ್ನೇ ಫೋನಿನಲ್ಲಿ ಕೇಳಿ.

ಮನೆಯವರು ಪ್ರೀತಿಯಿಂದಲೇ ತಪ್ಪು ಮಾಡುವುದು ಮಾತ್ರೆ ವಿಷಯದಲ್ಲಿ. ಆಸ್ಪಿರಿನ್, ಐಬುಪ್ರೊಫೆನ್‌ನಂಥವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಒಳಗಿನ ಸ್ರಾವ ಹೆಚ್ಚಬಹುದು. ಬಿ.ಪಿ. ಮಾತ್ರೆಯನ್ನೂ ಹೆಚ್ಚುವರಿಯಾಗಿ ಕೊಡಬೇಡಿ. ಕಾಫಿ, ನೀರು ಕೂಡ ಬೇಡ: ನುಂಗುವಾಗ ನೆತ್ತಿಗೇರಬಹುದು, ಶಸ್ತ್ರಚಿಕಿತ್ಸೆಗೆ ಹೊಟ್ಟೆ ಖಾಲಿ ಇರಬೇಕಾಗಬಹುದು. ಕುತ್ತಿಗೆ ತಿಕ್ಕುವುದೂ ಬೇಡ. ನೋವು ಇಳಿಯಿತೆಂದು ಆಂಬುಲೆನ್ಸ್ ವಾಪಸ್ ಕಳಿಸಬೇಡಿ, ಉಬ್ಬು ಮತ್ತೆ ಒಡೆಯುವ ಭಯ ಮೊದಲ ದಿನವೇ ಹೆಚ್ಚು. ಅವರು ದಿನಾ ನುಂಗುವ ಮಾತ್ರೆಗಳ ಪಟ್ಟಿಗಳನ್ನೆಲ್ಲ, ಮುಖ್ಯವಾಗಿ ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಅದನ್ನು, ಒಂದು ಚೀಲಕ್ಕೆ ಹಾಕಿ ಜೊತೆಗೆ ಒಯ್ಯಿರಿ.